ವಿಶ್ಲೇಷಣೆ ನಿಮ್ಮದು, ಹೆಸರು ಮೂರನೆಯದು: ಗೈಡ್ ಹತ್ತಿರ ಈ ಮಾತು ಎತ್ತುವುದು ಹೇಗೆ?

ನಮ್ಮ ಸಂಶೋಧನಾ ಪೇಪರ್‌ನ ಡ್ರಾಫ್ಟ್ ನನಗೆ ಮೇಲ್‌ನಲ್ಲಿ ಬಂದದ್ದು ಒಂದು ಶುಕ್ರವಾರ ಸಂಜೆ. ಫೈಲ್ ತೆರೆದ ಕೂಡಲೇ ನನ್ನ ಕಣ್ಣು ಹೋಗಿದ್ದು ಶೀರ್ಷಿಕೆಯ ಕೆಳಗಿನ ಸಾಲಿಗೆ. ಮೊದಲು ನಮ್ಮ ಪಿಎಚ್‌ಡಿ ಗೈಡ್ ಹೆಸರು. ಆಮೇಲೆ ಕೆಮಿಸ್ಟ್ರಿ ವಿಭಾಗದ ಒಬ್ಬರು ಸರ್. ಮೂರನೆಯದು ನಾನು. ಪೇಪರ್‌ನಲ್ಲಿದ್ದ ಐದು ಚಿತ್ರ, ಮೂರು ಕೋಷ್ಟಕ, ಅದರ ಹಿಂದಿನ ಲೆಕ್ಕ ಎಲ್ಲ ನನ್ನ ಲ್ಯಾಪ್‌ಟಾಪ್‌ನಿಂದ ಹೋಗಿದ್ದವು. ಆ ರಾತ್ರಿಯೇ ಸಿಟ್ಟಿನಲ್ಲಿ ಒಂದು ಉದ್ದ ಮೇಲ್ ಬರೆದೆ. ಪುಣ್ಯಕ್ಕೆ ಕಳಿಸಲಿಲ್ಲ.

ಆಮೇಲಿನ ಎರಡು ವಾರದಲ್ಲಿ ನಾನು ಮಾಡಿದ್ದನ್ನು, ಕೆಲವು ಕಡೆ ಮಾಡಬೇಕಿತ್ತು ಅಂತ ಈಗ ಅನ್ನಿಸುವುದನ್ನು ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ. ನಮ್ಮ ವಿಶ್ವವಿದ್ಯಾಲಯ, ನಮ್ಮ ಗೈಡ್ ಯಾರು ಅನ್ನುವುದು ಇಲ್ಲಿ ಮುಖ್ಯವಲ್ಲ.

ಮೊದಲ ಕೆಲಸ: ಗಂಟೆ ಎಣಿಸಬೇಡಿ, ತೀರ್ಮಾನ ಎಣಿಸಿ

ನಮ್ಮ ಪೇಪರ್ ಪಾವಗಡ ಕಡೆಯ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಅನ್ನುವುದರ ಬಗ್ಗೆ. ಕುಡಿಯುವ ನೀರಿಗೆ ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಇದ್ದರೆ ಸರಿ. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು. ಯಾವ ಬಾವಿ ಈ 1.5 ದಾಟುತ್ತದೆ, ಅದು ಆಳದಿಂದಲೋ ಋತುವಿನಿಂದಲೋ ಅನ್ನುವುದು ನಮ್ಮ ಪ್ರಶ್ನೆ. ಪ್ರಶ್ನೆ ಗೈಡ್‌ದು, ಪ್ರಾಜೆಕ್ಟಿಗೆ ಹಣ ತಂದದ್ದೂ ಅವರೇ. ಸ್ಯಾಂಪಲ್ ತಂದವರು ಇಬ್ಬರು ಪ್ರಾಜೆಕ್ಟ್ ಅಸಿಸ್ಟೆಂಟ್‌ಗಳು. ಪರೀಕ್ಷೆ ಆದದ್ದು ಕೆಮಿಸ್ಟ್ರಿ ಸರ್ ಲ್ಯಾಬಿನಲ್ಲಿ. ಅಲ್ಲಿಂದ ಮುಂದಿನದು ನನ್ನ ಪಾಲು.

ನನ್ನ ಕೆಲಸದ ಪಟ್ಟಿ ಮಾಡಲು ಕೂತಾಗ ಮೊದಲು ಬರೆದದ್ದು ಹೀಗಿತ್ತು: ಏಳು ತಿಂಗಳು, ರಾತ್ರಿ ಎರಡರವರೆಗೆ, ದಸರಾ ರಜೆಗೂ ಊರಿಗೆ ಹೋಗಿಲ್ಲ. ಹಾಸ್ಟೆಲ್‌ನಲ್ಲಿದ್ದ ಸೀನಿಯರ್ ಅಕ್ಕ ಅದನ್ನು ಓದಿ, "ಇದನ್ನ ಹರಿದು ಹಾಕು. ನೀನು ಇಲ್ಲದಿದ್ರೆ ಈ ಪೇಪರ್‌ನಲ್ಲಿ ಏನು ಬೇರೆ ಆಗ್ತಿತ್ತು, ಅದನ್ನ ಬರಿ" ಅಂದರು. ಅವರು ಕೊಟ್ಟ ಸಲಹೆಯಲ್ಲಿ ಇದಕ್ಕಿಂತ ಒಳ್ಳೆಯದು ಬೇರೆ ಇರಲಿಲ್ಲ. ನೀವು ಪಟ್ಟ ಕಷ್ಟಕ್ಕೆ ಗೈಡ್ ಮರುಗಬಹುದು, ಆದರೆ ಹೆಸರಿನ ಜಾಗಕ್ಕೂ ಅದಕ್ಕೂ ಸಂಬಂಧವಿಲ್ಲ. ದುಡ್ಡು ಕೊಟ್ಟು ಯಾರಿಂದಲೋ ಲೆಕ್ಕ ಹಾಕಿಸಿದರೂ ಅವರಿಗೂ ಏಳು ತಿಂಗಳು ಹಿಡಿಯಬಹುದಿತ್ತಲ್ಲ.

ಹಾಗಾಗಿ ಎರಡನೇ ಪಟ್ಟಿಯಲ್ಲಿ ಮೂರೇ ಸಾಲು ಉಳಿದವು. ಒಂದು, ಬಾವಿಗಳ ಮೂಲ ಪಟ್ಟಿಯಲ್ಲಿ 190 ಇದ್ದವು. ಅದರಲ್ಲಿ ನಾಲ್ಕು ಬಾವಿ ಊರಿನ ಹೆಸರನ್ನು ಬೇರೆ ಬೇರೆ ಥರ ಬರೆದಿದ್ದರಿಂದ ಎರಡೆರಡು ಸಲ ಸೇರಿದ್ದವು. ಜಿಪಿಎಸ್ ಗುರುತು ಹೋಲಿಸಿ ಅದನ್ನು ಹಿಡಿದು 186ಕ್ಕೆ ಇಳಿಸಿದವಳು ನಾನು. ಎರಡು, ಮಳೆಗಾಲಕ್ಕೆ ಮುಂಚೆ 23 ಬಾವಿ ಬತ್ತಿದ್ದವು. ಅವುಗಳನ್ನು ಪೂರ್ತಿ ಕೈಬಿಡೋಣ ಅಂತ ಮಾತಾಗಿತ್ತು. ಬತ್ತುವ ಬಾವಿಗಳನ್ನೇ ತೆಗೆದರೆ ಉಳಿದ ಚಿತ್ರ ವಾಲುತ್ತದೆ ಅಂತ ಹೇಳಿ, ಅವುಗಳ ಮಳೆಗಾಲದ ನಂತರದ ಸ್ಯಾಂಪಲ್ ಇಟ್ಟುಕೊಂಡೆ. ಒಟ್ಟು 349 ಸ್ಯಾಂಪಲ್ ಉಳಿಯಿತು.

ಮೂರನೆಯದೇ ದೊಡ್ಡದು. ಹಳೆಯ ಲೆಕ್ಕದಲ್ಲಿ 349 ಸ್ಯಾಂಪಲ್‌ಗಳನ್ನೂ ಒಂದಕ್ಕೊಂದು ಸಂಬಂಧವಿಲ್ಲದ ಬಾವಿಗಳದ್ದು ಎಂಬಂತೆ ಎಣಿಸಲಾಗಿತ್ತು. ನಿಜದಲ್ಲಿ ಹೆಚ್ಚಿನ ಬಾವಿಗಳಿಂದ ಎರಡೆರಡು ಸ್ಯಾಂಪಲ್ ಇದ್ದವು. ಬಾವಿಯ ಆಳ ಎರಡು ಸಲವೂ ಅದೇ ಅಲ್ವಾ? ಅದನ್ನು ಎರಡು ಸಾಕ್ಷಿ ಅಂತ ಎಣಿಸಿದರೆ ಆಳದ ಪರಿಣಾಮ ಇರುವುದಕ್ಕಿಂತ ಗಟ್ಟಿಯಾಗಿ ಕಾಣುತ್ತದೆ. ಇನ್ನೊಂದು ಕಡೆ, ಒಂದೇ ಬಾವಿಯ ಮುಂಚಿನ ಮತ್ತು ನಂತರದ ನೀರನ್ನು ಜೋಡಿಯಾಗಿ ನೋಡದಿದ್ದರೆ ಋತುವಿನ ವ್ಯತ್ಯಾಸ ಬಾವಿ ಬಾವಿಗಳ ವ್ಯತ್ಯಾಸದಲ್ಲಿ ಮುಳುಗಿ ಹೋಗುತ್ತದೆ. ನಾನು ಪ್ರತಿ ಬಾವಿಯನ್ನೂ ಒಂದು ಗುಂಪು ಮಾಡಿ ಲೆಕ್ಕ ಮತ್ತೆ ಹಾಕಿದಾಗ ಆಳದ ಮಾತು ಮಸುಕಾಯಿತು, ಋತುವಿನ ಮಾತು ಎದ್ದು ಬಂತು. ಪೇಪರ್‌ನ ಶೀರ್ಷಿಕೆಯೇ ಬದಲಾಯಿತು.

ಇದರಲ್ಲಿ "ಅಂಕಿ ಓಡಿಸಿದ್ದು" ಯಾವುದು, ಯೋಚಿಸಿ ತೀರ್ಮಾನ ಮಾಡಿದ್ದು ಯಾವುದು ಅಂತ ನೋಡಿ. ಬೇರೆಯವರು ಹೇಳಿದ ಪರೀಕ್ಷೆಯನ್ನು ಹೇಳಿದ ಹಾಗೆ ನಡೆಸಿ ಫಲಿತಾಂಶ ಕೊಟ್ಟಿದ್ದರೆ ಮೊದಲ ಹೆಸರು ಕೇಳುವ ಬಲ ನಿಮಗೆ ಕಡಿಮೆ. ಇದನ್ನು ನಿಮ್ಮ ಹತ್ತಿರ ನೀವೇ ಒಪ್ಪಿಕೊಳ್ಳಿ, ಗೈಡ್ ಕೋಣೆಯಲ್ಲಿ ಗೊತ್ತಾಗುವುದಕ್ಕಿಂತ ಅದು ಮೇಲು.

ಪ್ರತಿ ಸಾಲಿಗೂ ಒಂದು ದಿನಾಂಕ ಹುಡುಕಿ. ಕೋಡ್ ಗಿಟ್‌ನಲ್ಲಿದ್ದರೆ ಕೆಲಸ ಸುಲಭ:

```
git log --date=short --pretty=format:"%ad  %s" > kelasa.txt
```

ಇದು ದಿನಾಂಕದ ಜೊತೆಗೆ ನೀವು ಆಗ ಬರೆದ ಟಿಪ್ಪಣಿಯನ್ನೂ ಒಂದು ಫೈಲಿಗೆ ಹಾಕುತ್ತದೆ. ಗೂಗಲ್ ಡಾಕ್ಸ್‌ನಲ್ಲಿ ಬರೆದಿದ್ದರೆ Version history ಇದೆ. ಎರಡೂ ಇಲ್ಲದಿದ್ದರೆ ಗೈಡ್‌ಗೆ ಕಳಿಸಿದ ಹಳೆಯ ಮೇಲ್‌ಗಳೇ ಸಾಕು. ಬಾವಿಗಳನ್ನು ಗುಂಪು ಮಾಡಬೇಕು ಅಂತ ನಾನು ಕಳಿಸಿದ್ದ ಮೇಲ್‌ಗೆ ಅವರು "ಓಕೆ, ಮಾಡಿ ನೋಡು" ಅಂತ ಉತ್ತರಿಸಿದ್ದರು. ಈ ದಾಖಲೆ ನಿಮ್ಮ ನೆನಪು ಸರಿಯಾಗಿದೆಯೇ ಅಂತ ನೋಡಿಕೊಳ್ಳಲಿಕ್ಕೆ. ಅದನ್ನು ಪ್ರಿಂಟ್ ತೆಗೆದು ಮೇಜಿನ ಮೇಲೆ ಹರಡಿದರೆ ಮಾತುಕತೆ ವಿಚಾರಣೆಯಾಗುತ್ತದೆ.

ಬರವಣಿಗೆಯ ಕೊರತೆ ಇದ್ದರೆ ಮೊದಲು ಅದನ್ನು ತುಂಬಿ

ವೈದ್ಯಕೀಯ ಜರ್ನಲ್ ಸಂಪಾದಕರ ಅಂತಾರಾಷ್ಟ್ರೀಯ ಸಮಿತಿ, ಅಂದರೆ ಐಸಿಎಂಜೆಇ, ಯಾರು ಲೇಖಕರು ಅನ್ನುವುದಕ್ಕೆ ನಾಲ್ಕು ಷರತ್ತು ಇಟ್ಟಿದೆ. ಬೇರೆ ಕ್ಷೇತ್ರದ ಎಷ್ಟೋ ಜರ್ನಲ್‌ಗಳೂ ಅದನ್ನೇ ಹಿಡಿಯುತ್ತವೆ. ಯೋಜನೆಯಲ್ಲೋ, ಮಾಹಿತಿ ಸಂಗ್ರಹದಲ್ಲೋ, ವಿಶ್ಲೇಷಣೆಯಲ್ಲೋ ಗಣನೀಯ ಪಾಲು ಇರಬೇಕು. ಪೇಪರ್ ಬರೆದಿರಬೇಕು ಅಥವಾ ಗಂಭೀರವಾಗಿ ತಿದ್ದಿರಬೇಕು. ಕೊನೆಯ ಪ್ರತಿಗೆ ಒಪ್ಪಿಗೆ ಕೊಟ್ಟಿರಬೇಕು. ಕೆಲಸದ ಬಗ್ಗೆ ಪ್ರಶ್ನೆ ಬಂದರೆ ಉತ್ತರಿಸುವ ಹೊಣೆ ಹೊರಬೇಕು. ನಾಲ್ಕೂ ಬೇಕು, ಒಂದೆರಡು ಸಾಲದು.

ವಿಶ್ಲೇಷಣೆ ಮಾಡಿದ ವಿದ್ಯಾರ್ಥಿಗಳು ಮುಗ್ಗರಿಸುವುದು ಎರಡನೆಯದರಲ್ಲಿ. ಚಿತ್ರ, ಕೋಷ್ಟಕ ಕಳಿಸಿ ಸುಮ್ನೆ ಕೂತಿರುತ್ತಾರೆ, ಗೈಡ್ ಬರೆದುಕೊಳ್ಳುತ್ತಾರೆ. ಆಮೇಲೆ "ಬರೆದಿದ್ದು ನಾನಲ್ವಾ" ಅನ್ನುವ ಮಾತಿಗೆ ಉತ್ತರ ಇರುವುದಿಲ್ಲ. ನಾನೂ ವಿಧಾನದ ಭಾಗ ಮಾತ್ರ ಬರೆದಿದ್ದೆ. ಆದರೆ ಅದೇ ಸಮಿತಿ ಇನ್ನೊಂದು ಮಾತೂ ಹೇಳುತ್ತದೆ: ಮೊದಲ ಷರತ್ತು ಪೂರೈಸಿದವರಿಗೆ ಬರೆಯುವ, ತಿದ್ದುವ, ಒಪ್ಪಿಗೆ ಕೊಡುವ ಅವಕಾಶ ಸಿಗಬೇಕು. ಅವಕಾಶ ಕೊಡದೆ, ಬರೆದಿಲ್ಲ ಅಂತ ಹೆಸರು ಬಿಡುವಂತಿಲ್ಲ.

ಹಾಗಾಗಿ ಹೆಸರಿನ ಮಾತು ಎತ್ತುವ ಮುಂಚೆ ನಾನು ಒಂದು ಸಣ್ಣ ಮೇಲ್ ಕಳಿಸಿದೆ. ಫಲಿತಾಂಶದ ಭಾಗದಲ್ಲಿ ಋತುವಿನ ಅಂಕಿಗಳನ್ನು ವಿವರಿಸುವ ಕಡೆ ಕೆಲವು ತಪ್ಪಿವೆ, ಆ ಭಾಗವನ್ನೂ ಚರ್ಚೆಯ ಮೊದಲ ಎರಡು ಪ್ಯಾರಾವನ್ನೂ ನಾನೇ ಮತ್ತೆ ಬರೆದುಕೊಡಲೇ ಅಂತ ಕೇಳಿದೆ. ಗೈಡ್ ಖುಷಿಯಿಂದ ಒಪ್ಪಿದರು, ಯಾವ ಗೈಡ್ ಬೇಡ ಅಂತಾರೆ? ಐದು ದಿನದಲ್ಲಿ ಬರೆದು ಕಳಿಸಿದೆ.

ಗೈಡ್‌ಗೆ ಆ ಜಾಗ ಏಕೆ ಬೇಕು ಅಂತ ಲೆಕ್ಕ ಹಾಕಿ

ಇದನ್ನು ಹೆಚ್ಚಿನವರು ಮಾಡುವುದಿಲ್ಲ. ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಜಾಸ್ತಿ ಕೆಲಸಕ್ಕೆ ಬಂದದ್ದು ಇದೇ.

ಯುಜಿಸಿಯ 2018ರ ನಿಯಮಾವಳಿಯಲ್ಲಿ ಅಧ್ಯಾಪಕರ ಸಂಶೋಧನೆಗೆ ಅಂಕ ಕೊಡುವ ಒಂದು ಕೋಷ್ಟಕವಿದೆ. ವಿಜ್ಞಾನ ವಿಷಯಗಳಲ್ಲಿ ಒಂದು ಪೇಪರ್‌ಗೆ 8 ಅಂಕ, ಭಾಷೆ ಮತ್ತು ಸಮಾಜ ವಿಜ್ಞಾನದಂಥ ವಿಷಯಗಳಲ್ಲಿ 10. ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್ ಇದ್ದರೆ ಅದರ ಮೇಲೆ ಅಂಕ ಏರುತ್ತದೆ. ಇಬ್ಬರೇ ಲೇಖಕರಾದರೆ ಇಬ್ಬರಿಗೂ 70 ಶೇಕಡಾ. ಇಬ್ಬರಿಗಿಂತ ಹೆಚ್ಚಿದ್ದರೆ ಮೊದಲ, ಪ್ರಧಾನ ಅಥವಾ ಕರೆಸ್ಪಾಂಡಿಂಗ್ ಲೇಖಕರಿಗೆ 70 ಶೇಕಡಾ, ಉಳಿದ ಪ್ರತಿಯೊಬ್ಬರಿಗೂ 30 ಶೇಕಡಾ. ಕರೆಸ್ಪಾಂಡಿಂಗ್ ಅಂದರೆ ಜರ್ನಲ್ ಜೊತೆ ಪತ್ರವ್ಯವಹಾರ ನೋಡಿಕೊಳ್ಳುವವರು. ಬಡ್ತಿಯ ಫೈಲ್ ತಯಾರು ಮಾಡುತ್ತಿರುವ ಗೈಡ್‌ಗೆ ಇದು ಸಣ್ಣ ವಿಷಯವಲ್ಲ. 8 ಅಂಕದ ಪೇಪರ್‌ನಲ್ಲಿ ಒಂದು ಕಡೆ 5.6, ಇನ್ನೊಂದು ಕಡೆ 2.4.

ಈಗ ನಮ್ಮ ಪೇಪರ್ ನೋಡಿ. ಗೈಡ್ ಮೊದಲು ಇದ್ದರೂ 5.6, ಕೊನೆಗೆ ಇದ್ದು ಕರೆಸ್ಪಾಂಡಿಂಗ್ ಲೇಖಕರಾದರೂ 5.6. ಕೆಮಿಸ್ಟ್ರಿ ಸರ್ ಎರಡನೆಯವರು, ನನ್ನ ಹೊಸ ಸಾಲಿನಲ್ಲೂ ಎರಡನೆಯವರೇ. ನಾನು ಮೂರರಿಂದ ಒಂದಕ್ಕೆ ಬಂದರೆ ಯಾರ ಜೇಬಿಗೂ ಕತ್ತರಿ ಬೀಳುವುದಿಲ್ಲ. ಲ್ಯಾಬ್ ಇರುವ ವಿಷಯಗಳಲ್ಲಿ ಕೊನೆಯ ಹೆಸರು ತಂಡದ ಮುಖ್ಯಸ್ಥರದ್ದು ಅನ್ನುವ ರೂಢಿಯೂ ಇದೆ, ಅದರಿಂದ ಅವರ ಮರ್ಯಾದೆಗೂ ಕುಂದಿಲ್ಲ. ಆದರೆ ನಿಯಮದ ಆ ಸಾಲನ್ನು ಎಲ್ಲ ಕಡೆ ಒಂದೇ ಥರ ಓದುವುದಿಲ್ಲ. ಮೊದಲ ಲೇಖಕ ಮತ್ತು ಕರೆಸ್ಪಾಂಡಿಂಗ್ ಲೇಖಕ ಬೇರೆ ಬೇರೆಯಾದಾಗ ಇಬ್ಬರಿಗೂ 70 ಕೊಡುತ್ತಾರೋ ಇಲ್ಲವೋ ಅಂತ ನಿಮ್ಮ ವಿಶ್ವವಿದ್ಯಾಲಯದ ಆಂತರಿಕ ಗುಣಮಟ್ಟ ಖಾತ್ರಿ ಕೋಶ, ಅಂದರೆ ಐಕ್ಯೂಎಸಿಯಲ್ಲಿ ಮೊದಲೇ ವಿಚಾರಿಸಿ. ನಮ್ಮಲ್ಲಿ ಕೊಡುತ್ತಿದ್ದರು.

ನಿಮ್ಮ ವಿಷಯದ ರೂಢಿಯನ್ನೂ ನೋಡಿಕೊಳ್ಳಿ. ಗಣಿತದಲ್ಲಿ, ಅರ್ಥಶಾಸ್ತ್ರದ ಬಹುಭಾಗದಲ್ಲಿ ಹೆಸರುಗಳು ಇಂಗ್ಲಿಷ್ ಅಕಾರಾದಿಯಲ್ಲಿ ಬರುತ್ತವೆ. ಅಲ್ಲಿ ಮೊದಲ ಜಾಗ ಕೇಳುವುದರಲ್ಲಿ ಅರ್ಥವಿಲ್ಲ, ಯಾರು ಏನು ಮಾಡಿದರು ಅನ್ನುವ ಹೇಳಿಕೆಯನ್ನೇ ಕೇಳಬೇಕು.

ಮಾತುಕತೆ

ಕಾರಿಡಾರಿನಲ್ಲಿ, ಚಹಾದ ಹೊತ್ತಿನಲ್ಲಿ, ಬೇರೆ ವಿದ್ಯಾರ್ಥಿಗಳ ಎದುರು ಈ ಮಾತು ಬೇಡ. ಸಮಯ ಕೇಳಿ, ವಿಷಯವನ್ನೂ ಮೊದಲೇ ತಿಳಿಸಿ. ಏಕಾಏಕಿ ಕೇಳಿದರೆ ಯಾರೇ ಆದರೂ ಮೊದಲು ಇಲ್ಲ ಅನ್ನುತ್ತಾರೆ. ನಾನು ಕಳಿಸಿದ್ದು ಇಷ್ಟೇ:

"ಸರ್, ಫಲಿತಾಂಶ ಮತ್ತು ಚರ್ಚೆಯ ಭಾಗ ಕಳಿಸಿದ್ದೇನೆ. ಜರ್ನಲ್‌ಗೆ ಕಳಿಸುವ ಮುಂಚೆ ಲೇಖಕರ ಕ್ರಮದ ಬಗ್ಗೆ ನಿಮ್ಮ ಹತ್ತಿರ ಇಪ್ಪತ್ತು ನಿಮಿಷ ಮಾತಾಡಬೇಕಿತ್ತು. ಈ ವಾರ ನಿಮಗೆ ಯಾವಾಗ ಬಿಡುವಾಗುತ್ತದೆ ಸರ್?"

ಎಚ್‌ಒಡಿಗೆ ಪ್ರತಿ ಹಾಕಬೇಡಿ. ಮೊದಲ ಮೇಲ್‌ನಲ್ಲೇ ಮೂರನೆಯವರನ್ನು ತಂದರೆ ಅದು ದೂರು ಆಗುತ್ತದೆ.

ಕೂತ ಮೇಲೆ ಮೊದಲ ವಾಕ್ಯವೇ ಮುಖ್ಯ. ಸುತ್ತಿ ಬಳಸಿದರೆ ಐದು ನಿಮಿಷದಲ್ಲಿ ಮಾತು ಪ್ರೋಗ್ರೆಸ್ ರಿಪೋರ್ಟಿನ ಕಡೆ ಹೋಗುತ್ತದೆ. ನಾನು ಮನೆಯಲ್ಲಿ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ.

"ಸರ್, ಈ ಪೇಪರ್‌ನಲ್ಲಿ ನನ್ನನ್ನ ಫಸ್ಟ್ ಆಥರ್ ಮಾಡಿ, ನೀವು ಲಾಸ್ಟ್ ಮತ್ತು ಕರೆಸ್ಪಾಂಡಿಂಗ್ ಆಥರ್ ಆಗಿರ್ತೀರಾ ಅಂತ ಕೇಳೋಕೆ ಬಂದೆ."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ನೋಡಮ್ಮಾ, ಪ್ರಾಜೆಕ್ಟ್ ನಂದು. ಪ್ರಶ್ನೆ ನಂದು. ನೀನು ಅನಾಲಿಸಿಸ್ ಮಾಡಿದ್ದೀಯ, ಇಲ್ಲ ಅನ್ನಲ್ಲ" ಅಂದರು.

"ಹೌದು ಸರ್, ಪ್ರಶ್ನೆ ನಿಮ್ದೇ. ಅದಕ್ಕೇ ಕರೆಸ್ಪಾಂಡಿಂಗ್ ನೀವೇ ಇರಬೇಕು ಅಂದಿದ್ದು. ಆದ್ರೆ ಬಾವಿಗಳನ್ನ ಗುಂಪು ಮಾಡಿ ನೋಡಿದ ಮೇಲೆ ಪೇಪರ್‌ನ ಮುಖ್ಯ ಮಾತು ಆಳದಿಂದ ಋತುವಿಗೆ ಬಂತಲ್ಲ ಸರ್. ಆ ತೀರ್ಮಾನ, ಬತ್ತಿದ ಬಾವಿ ಇಟ್ಟುಕೊಂಡಿದ್ದು, ಈಗ ಫಲಿತಾಂಶ ಬರೆದಿದ್ದು ನಾನು. ರಿವ್ಯೂವರ್ ಕೇಳೋ ಪ್ರಶ್ನೆಗಳೂ ಹೆಚ್ಚಾಗಿ ಅಲ್ಲೇ ಬರ್ತವೆ. ಅದಕ್ಕೆ ಉತ್ತರ ನಾನೇ ಬರೆದುಕೊಡ್ತೀನಿ."

ಪ್ರಾಜೆಕ್ಟ್ ಅವರದ್ದು ಅನ್ನುವುದನ್ನು ನಾನು ಅಲ್ಲಗಳೆಯಲಿಲ್ಲ. ಅವರು ಹೇಳಿದ್ದು ನಿಜ. ಅದನ್ನು ಒಪ್ಪಿದ ಮೇಲೆ ವಾದ ಮಾಡುವುದಕ್ಕೆ ಉಳಿಯುವುದು ಕಡಿಮೆ. ಅಂಕದ ಲೆಕ್ಕವನ್ನೂ ನಾನಾಗಿ ಎತ್ತಲಿಲ್ಲ, "ನಿಮಗೆ ಬಡ್ತಿ ಅಂಕ ಬೇಕು ಅಂತ ಗೊತ್ತು" ಅನ್ನುವ ಧಾಟಿ ಬಂದರೆ ಮಾತು ಅಲ್ಲಿಗೇ ಮುಗಿಯುತ್ತದೆ. ಅವರೇ ಬಡ್ತಿಯ ಮಾತೆತ್ತಿ "ನನ್ನ ಸಿಎಎಸ್ ಫೈಲ್ ಇದೆ" ಅಂದಾಗ, ಕರೆಸ್ಪಾಂಡಿಂಗ್ ಲೇಖಕರಿಗೂ 70 ಶೇಕಡಾ ಬರುತ್ತದೆ ಅಂತ ಐಕ್ಯೂಎಸಿಯಲ್ಲಿ ಹೇಳಿದರು ಸರ್ ಅಂದೆ.

ಅವರು ಆ ದಿನ ಹೂಂ ಅನ್ನಲಿಲ್ಲ, ಉಹುಂ ಅನ್ನಲಿಲ್ಲ. ಯೋಚನೆ ಮಾಡ್ತೀನಿ ಅಂದರು. ಅಲ್ಲೇ ಎದ್ದು ಬನ್ನಿ, ಎರಡನೇ ಸಲ ಒತ್ತಬೇಡಿ. ಅದೇ ದಿನ ಸಂಜೆ ನಾಲ್ಕು ಸಾಲಿನ ಮೇಲ್ ಹಾಕಿ: ಸಮಯ ಕೊಟ್ಟಿದ್ದಕ್ಕೆ ಧನ್ಯವಾದ, ನಾನು ಕೇಳಿದ್ದು ಇದು, ನೀವು ಯೋಚಿಸಿ ತಿಳಿಸುತ್ತೇನೆ ಅಂದಿರಿ, ಜರ್ನಲ್‌ಗೆ ಕಳಿಸುವ ಮುಂಚೆ ತಿಳಿಸಿದರೆ ಅನುಕೂಲ. ಮೂರು ತಿಂಗಳ ನಂತರ "ನೀನು ಕೇಳಲೇ ಇಲ್ಲವಲ್ಲ" ಅನ್ನುವ ಮಾತು ಬಂದರೆ ಆ ಮೇಲ್ ಇರುತ್ತದೆ.

ಆಗಲ್ಲ ಅಂದರೆ

ಕೈಯಲ್ಲಿ ಇನ್ನೆರಡು ದಾರಿ ಇಟ್ಟುಕೊಂಡು ಹೋಗಿ. ಮೊದಲೇ ಅದನ್ನು ಬಾಯಿಬಿಟ್ಟರೆ ಅಲ್ಲಿಂದಲೇ ಚೌಕಾಶಿ ಶುರುವಾಗುತ್ತದೆ.

ಒಂದು, ಇಬ್ಬರೂ ಸಮಾನ ಮೊದಲ ಲೇಖಕರು ಎಂಬ ಟಿಪ್ಪಣಿ. ಎರಡು ಹೆಸರಿಗೆ ನಕ್ಷತ್ರ ಹಾಕಿ, ಕೆಳಗೆ ಇವರಿಬ್ಬರ ಪಾಲು ಸಮ ಅಂತ ಬರೆಯುತ್ತಾರೆ. ಜರ್ನಲ್ ಇದಕ್ಕೆ ಅವಕಾಶ ಕೊಡುತ್ತದೆಯೇ ಅಂತ ಮೊದಲು ನೋಡಿ. ನಿಜ ಹೇಳಬೇಕೆಂದರೆ ಉಲ್ಲೇಖದಲ್ಲಿ ಕಾಣುವುದು ಮೊದಲ ಹೆಸರೇ, ನಕ್ಷತ್ರವನ್ನು ಯಾರೂ ನೋಡುವುದಿಲ್ಲ.

ಎರಡು, ಕೊಡುಗೆಯ ಹೇಳಿಕೆ. ಕ್ರೆಡಿಟ್ ಅನ್ನುವ ಪಟ್ಟಿಯಲ್ಲಿ 14 ಬಗೆಯ ಪಾತ್ರಗಳಿವೆ. ವಿಶ್ಲೇಷಣೆಗೆ Formal analysis, ಮಾಹಿತಿ ಶುದ್ಧ ಮಾಡಿ ಇಡುವುದಕ್ಕೆ Data curation, ಚಿತ್ರಗಳಿಗೆ Visualization, ಮೊದಲ ಬರವಣಿಗೆಗೆ Writing – original draft. ಹಣ ತಂದದ್ದಕ್ಕೂ ಮೇಲ್ವಿಚಾರಣೆಗೂ ಬೇರೆ ಬೇರೆ ಹೆಸರಿದೆ, ಆದ್ದರಿಂದ ಗೈಡ್ ಪಾಲೂ ಅಲ್ಲಿ ಸರಿಯಾಗಿ ಕಾಣುತ್ತದೆ. ಮುಂದೆ ಕೆಲಸಕ್ಕೆ ಅರ್ಜಿ ಹಾಕುವಾಗ ಈ ಸಾಲನ್ನು ತೋರಿಸಬಹುದು. ಬಡ್ತಿಯ ಅಂಕಕ್ಕೆ ಮಾತ್ರ ಇದು ಲೆಕ್ಕಕ್ಕಿಲ್ಲ.

ಇದೂ ಆಗಲಿಲ್ಲ, ಅಥವಾ ನಿಮ್ಮ ಹೆಸರನ್ನೇ ತೆಗೆದಿದ್ದಾರೆ ಅಂದರೆ ಮುಂದಿನ ಜಾಗ ಸಂಶೋಧನಾ ಸಲಹಾ ಸಮಿತಿ, ಅದೇ ಆರ್‌ಎಸಿ. ಪ್ರತಿ ಸೆಮಿಸ್ಟರ್ ನಿಮ್ಮ ಪ್ರಗತಿ ಕೇಳುವವರು ಅವರು. ಪ್ರಗತಿ ವರದಿಯಲ್ಲಿ ನೀವು ಮಾಡಿದ ವಿಶ್ಲೇಷಣೆಯನ್ನು ದಿನಾಂಕದ ಸಮೇತ ಬರೆಯಲು ಯಾರ ಅನುಮತಿಯೂ ಬೇಡ. ಜರ್ನಲ್‌ಗೆ ನೇರ ಬರೆಯಬಹುದೇ? ಬರೆಯಬಹುದು, ಆದರೆ ಸಂಪಾದಕರು ತೀರ್ಪು ಕೊಡುವುದಿಲ್ಲ. ಪ್ರಕಟಣೆಯ ನೀತಿ ನೋಡುವ ಕೋಪ್ ಎಂಬ ಸಂಸ್ಥೆಯ ಸಲಹೆಯೇ ಹಾಗಿದೆ. ಪೇಪರ್ ತಡೆಹಿಡಿದು, ನಿಮ್ಮ ನಿಮ್ಮಲ್ಲೇ ಅಥವಾ ಸಂಸ್ಥೆಯಲ್ಲಿ ಬಗೆಹರಿಸಿಕೊಂಡು ಬನ್ನಿ ಅನ್ನುತ್ತಾರೆ. ಅಂದರೆ ತಿರುಗಿ ಬರುವುದು ಅದೇ ಕೋಣೆಗೆ, ಈ ಸಲ ಜಾಸ್ತಿ ಸಿಟ್ಟಿನೊಂದಿಗೆ. ಹೆಸರೇ ಇಲ್ಲದಿದ್ದರೆ ಇದು ಮಾಡಬೇಕಾದ ಕೆಲಸ. ಮೂರನೆಯದೋ ಎರಡನೆಯದೋ ಅನ್ನುವ ಜಗಳಕ್ಕೆ ನಾನಾಗಿದ್ದರೆ ಮಾಡುವುದಿಲ್ಲ.

ಕೋಡ್ ಕೊಡುವುದಿಲ್ಲ ಅಂತ ಹಟ ಹಿಡಿಯುವುದು, ಅದೇ ಡೇಟಾದಿಂದ ನಿಮ್ಮದೇ ಹೆಸರಿನಲ್ಲಿ ಬೇರೆ ಕಡೆ ಪೇಪರ್ ಕಳಿಸುವುದು, ಇವೆರಡನ್ನು ಖಂಡಿತ ಮಾಡಬೇಡಿ. ಡೇಟಾ ಪ್ರಾಜೆಕ್ಟಿನದ್ದು. ಉಳಿದವರ ಒಪ್ಪಿಗೆ ಇಲ್ಲದೆ ಕಳಿಸಿದರೆ ತಪ್ಪಿತಸ್ಥರು ನೀವಾಗುತ್ತೀರಿ, ಆಮೇಲೆ ಮೊದಲಿನ ಅನ್ಯಾಯ ಯಾರ ಕಿವಿಗೂ ಬೀಳುವುದಿಲ್ಲ.

ಇನ್ನೊಂದು ಸಂಗತಿ. ಕೆಲವೊಮ್ಮೆ ಏನೂ ಮಾಡದವರ ಹೆಸರೂ ಪಟ್ಟಿಯಲ್ಲಿರುತ್ತದೆ. ವಿಭಾಗದ ಮುಖ್ಯಸ್ಥರದ್ದೋ, ಗೈಡ್ ಗೆಳೆಯರದ್ದೋ. ಅದು ತಪ್ಪೇ. ಆದರೆ ನಿಮ್ಮ ಜಾಗ ಕೇಳುವ ದಿನವೇ ಅವರ ಹೆಸರು ತೆಗೆಸಲು ಹೋದರೆ ಎರಡೂ ಕೈತಪ್ಪುತ್ತದೆ.

ಹೊತ್ತು ಮೀರುವ ಮುಂಚೆ

ಪೇಪರ್ ಜರ್ನಲ್‌ಗೆ ಹೋದ ಮೇಲೆ ಕ್ರಮ ಬದಲಿಸಬೇಕಾದರೆ ಸಾಮಾನ್ಯವಾಗಿ ಕಾರಣ ಕೊಟ್ಟು ಎಲ್ಲ ಲೇಖಕರೂ ಬರೆದು ಒಪ್ಪಬೇಕಾಗುತ್ತದೆ. ಸ್ವೀಕಾರವಾದ ಮೇಲೆ ಇನ್ನೂ ಕಷ್ಟ. ಕೇಳಲು ಎಲ್ಲಕ್ಕಿಂತ ಸಲೀಸಾದ ದಿನ ವಿಶ್ಲೇಷಣೆ ಶುರು ಮಾಡುವ ದಿನ: "ಸರ್, ಇದರ ಪೇಪರ್ ಆದಾಗ ಹೆಸರು ಹೇಗೆ ಬರುತ್ತೆ?" ಆಗ ಯಾರಿಗೂ ಏನೂ ಕಳೆದುಕೊಂಡಂತೆ ಅನ್ನಿಸುವುದಿಲ್ಲ. ಅದೇ ಪೇಪರ್ ನಿಮ್ಮ ಪ್ರಬಂಧದ ಅಧ್ಯಾಯವೂ ಆಗುವುದಿದ್ದರೆ ಅದನ್ನೂ ಅವತ್ತೇ ಹೇಳಿ. ಪಿಎಚ್‌ಡಿಗೆ ಪೇಪರ್ ಕಡ್ಡಾಯ ಅನ್ನುವ ನಿಯಮವನ್ನು ಯುಜಿಸಿ 2022ರಲ್ಲಿ ಕೈಬಿಟ್ಟಿದೆ. ನಿಮ್ಮ ವಿಶ್ವವಿದ್ಯಾಲಯ ತನ್ನದೇ ನಿಯಮ ಇಟ್ಟುಕೊಂಡಿದ್ದರೆ, ಮೊದಲ ಲೇಖಕರೇ ಆಗಿರಬೇಕು ಅಂತ ಅದರಲ್ಲಿದೆಯೇ ಅಂತ ಓದಿ. ಇದ್ದರೆ ಮಾತು ಅರ್ಧ ಹಗುರ.

ನಮ್ಮ ಗೈಡ್ ಉತ್ತರ ಒಂಬತ್ತನೇ ದಿನ ಬಂತು. ಮೇಲ್‌ನಲ್ಲಿ ಒಂದು ಅಕ್ಷರವೂ ಇರಲಿಲ್ಲ, ಡ್ರಾಫ್ಟ್ ಮಾತ್ರ. ಹೆಸರಿನ ಸಾಲಿನಲ್ಲಿ ನಾನು ಮೊದಲು, ಕೆಮಿಸ್ಟ್ರಿ ಸರ್ ಎರಡನೆಯವರು, ಗೈಡ್ ಕೊನೆಗೆ, ಹೆಸರಿನ ಪಕ್ಕ ಕರೆಸ್ಪಾಂಡಿಂಗ್ ಗುರುತು. ಅದರ ಬಗ್ಗೆ ನಾವಿಬ್ಬರೂ ಆಮೇಲೆ ಮಾತಾಡಿಲ್ಲ.

ಪೇಪರ್ ಸ್ವೀಕಾರವಾಗಿ ಪ್ರೂಫ್ ಬಂದಾಗ ತಿದ್ದಿ ಕಳಿಸಲು 48 ಗಂಟೆ ಕೊಟ್ಟಿದ್ದರು. ಕರೆಸ್ಪಾಂಡಿಂಗ್ ಲೇಖಕರಿಗೆ ಬರುವ ಮೇಲ್ ಅದು, ನೀವಾಗಿ ಕೇಳಿ ತರಿಸಿಕೊಳ್ಳಿ. ನಮ್ಮದರಲ್ಲಿ ಹೆಸರಿನ ಸಾಲು ಸರಿಯಾಗಿತ್ತು. ಕೊಡುಗೆಯ ಹೇಳಿಕೆ ಮಾತ್ರ ಹಳೆಯ ಡ್ರಾಫ್ಟಿನದ್ದೇ ಉಳಿದು, Formal analysis ಎದುರು ಗೈಡ್ ಇನಿಷಿಯಲ್ ಇತ್ತು. ಅವರೇ ಫೋನ್ ಮಾಡಿ, "ಇದೊಂದು ತಪ್ಪಿದೆ ನೋಡು, ತಿದ್ದಿ ಕಳಿಸ್ತೀನಿ" ಅಂದರು.